ವನಜಾಕ್ಷಿ ಸುತ್ತು ಹಾಕಿ ಕಳಿಸಿದ ಮೆಸೇಜು

ಕವಲಂದೆ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದ ಮಳಿಗೆ ವನಜಾಕ್ಷಿಯದು. ನಡುವೆ ಇರುವುದು ಪ್ಲೈವುಡ್ ಗೋಡೆ, ಅದೂ ಮೇಲಿನ ತನಕ ಹೋಗಿಲ್ಲ. ಹಾಗಾಗಿ ಅವರ ಗಿರಾಕಿಗಳ ಸುಖದುಃಖವೆಲ್ಲ ನನ್ನ ಕಿವಿಗೆ ಬಿಟ್ಟಿಯಾಗಿ ಬೀಳುತ್ತದೆ. ಕೇಳಿಸಿಕೊಳ್ಳಬಾರದು ಅಂತ ನಾನೇನೂ ಯಾವತ್ತೂ ಕಿವಿ ಮುಚ್ಚಿಕೊಂಡವನಲ್ಲ.

ಅವರ ಅಂಗಡಿಯ ಬೋರ್ಡಿನ ಮೇಲೆ 'ಗ್ರಾಹಕ ಸೇವಾ ಕೇಂದ್ರ' ಅಂತ ಇದೆ. ಆದರೆ ಸುತ್ತಲ ಹಳ್ಳಿಯವರಿಗೆ ಅದು 'ಬ್ಯಾಂಕಕ್ಕನ ಅಂಗಡಿ'. ನಿಜವಾದ ಬ್ಯಾಂಕಿಗೆ ಹೋದರೆ ಟೋಕನ್ನು, ಗಾಜು, ಗಾಜಿನ ಆಚೆ ತಲೆ ಎತ್ತದ ಹುಡುಗರು. ಇಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪು, ಹೆಬ್ಬೆಟ್ಟು ಒತ್ತುವ ಒಂದು ಸಣ್ಣ ಮಿಷನ್ನು. ಹೆಬ್ಬೆಟ್ಟು ಒತ್ತಿದರೆ ಪಿಂಚಣಿ ಬರುತ್ತದೆ, ಗೃಹಲಕ್ಷ್ಮಿ ದುಡ್ಡು ಬರುತ್ತದೆ. ಬರದಿದ್ದರೆ ಯಾಕೆ ಬರಲಿಲ್ಲ ಅನ್ನುವುದನ್ನು ವನಜಾಕ್ಷಿ ಬೈಸಿಕೊಂಡು ವಿವರಿಸುತ್ತಾರೆ. ಒಂದೊಂದು ವ್ಯವಹಾರಕ್ಕೆ ಅವರಿಗೆ ಸಿಗುವ ಕಮಿಷನ್ನಿನಲ್ಲಿ ನಾನಾಗಿದ್ದರೆ ಎರಡನೇ ದಿನವೇ ಬೀಗ ಹಾಕಿ ಮನೆಗೆ ಹೋಗುತ್ತಿದ್ದೆ.

ಅವರು ಟಿ. ನರಸೀಪುರದ ಹೆಣ್ಣುಮಗಳು. ಪಿಯುಸಿ ಮುಗಿಸಿ, ಗೂಡ್ಸ್ ಆಟೋ ಓಡಿಸುವ ಮಹದೇವನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಮೊದಲು ಮಹಿಳಾ ಸಂಘದ ಪುಸ್ತಕ ಬರೆಯುತ್ತಿದ್ದರು. ಅಕ್ಷರ ಚೆನ್ನಾಗಿತ್ತು, ಬಾಯಿ ಬಿಗಿಯಾಗಿತ್ತು. ಯಾರ ಖಾತೆಯಲ್ಲಿ ಎಷ್ಟಿದೆ ಅನ್ನುವುದನ್ನು ಆ ಖಾತೆಯವಳ ಗಂಡನಿಗೂ ಹೇಳುತ್ತಿರಲಿಲ್ಲ. ಅದಕ್ಕೇ ಈ ಕೆಲಸ ಹುಡುಕಿಕೊಂಡು ಬಂತು. ಒಂಬತ್ತು ವರ್ಷವಾಯಿತು. ಒಂಬತ್ತು ವರ್ಷದಲ್ಲಿ ಅವರು 'ನನಗೆ ಗೊತ್ತಿಲ್ಲ' ಅಂದಿದ್ದನ್ನು ನಾನು ಪ್ಲೈವುಡ್ಡಿನ ಈಚೆ ಕೂತು ಒಂದು ಸಲವೂ ಕೇಳಿರಲಿಲ್ಲ. ಗೊತ್ತಿಲ್ಲದಿದ್ದರೆ ಬ್ಯಾಂಕಿಗೆ ಫೋನು ಮಾಡಿಯೋ, ನಂಜನಗೂಡಿಗೆ ಹೋಗಿಯೋ ತಿಳಿದುಕೊಂಡು ಹೇಳುತ್ತಿದ್ದರು.

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಬ್ಯಾಂಕಿನ ಫಾರಂ ಅಂದರೆ ಗೊತ್ತಲ್ಲ, ನಾಲ್ಕು ಪುಟ, ಇರುವೆ ಗಾತ್ರದ ಅಕ್ಷರ. ಹೆಂಗಸರು ಮನೆಗೆ ಒಯ್ದು ಗಂಡನ ಸಹಿಯನ್ನೋ ತಮ್ಮ ಸಹಿಯನ್ನೋ ಹಾಕಿಸಿಕೊಂಡು ಬರಬೇಕು. ಎಲ್ಲೆಲ್ಲೋ ಹಾಕಿ ತಂದು ಫಾರಂ ಹಾಳಾಗುತ್ತಿತ್ತು. ಅದಕ್ಕೆ ವನಜಾಕ್ಷಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಡುತ್ತಿದ್ದರು. 'ಕೆಂಪು ಸುತ್ತು ಇರೋ ಕಡೆ ಮಾತ್ರ ನೋಡಿ. ಬಾಕಿದ್ದು ನಿಮಗೆ ಬೇಡ, ನಾನು ನೋಡ್ಕೊತೀನಿ' ಅನ್ನುತ್ತಿದ್ದರು. ಎಷ್ಟು ಚೆನ್ನಾಗಿ ಅಭ್ಯಾಸವಾಗಿತ್ತೆಂದರೆ ನನ್ನ ಹತ್ತಿರ ಜೆರಾಕ್ಸಿಗೆ ಬಂದವರು ಕೂಡ, 'ಸುತ್ತು ಆಕಿಲ್ವಲ್ಲ ಸಾ, ಎಲ್ಲಿ ಸೈನು ಮಾಡದು?' ಅಂತ ನನ್ನನ್ನೇ ದಬಾಯಿಸುತ್ತಿದ್ದರು.

ಈಚೆಗೆ ಫಾರಂಗಿಂತ ಹೆಚ್ಚಾಗಿ ಬರುತ್ತಿದ್ದದ್ದು ಸ್ಕ್ರೀನ್‌ಶಾಟು. ಯಾರಿಗಾದರೂ ಬ್ಯಾಂಕಿನ ಹೆಸರಲ್ಲಿ ಮೆಸೇಜು ಬಂದರೆ ಫೋಟೋ ತೆಗೆದು ವಾಟ್ಸಾಪಿನಲ್ಲಿ ವನಜಾಕ್ಷಿಗೆ ಕಳಿಸುವುದು, 'ಅಕ್ಕ ಇದು ನಿಜವಾ?' ಅಂತ ಕೇಳುವುದು. ಆ ಮಂಗಳವಾರ ಬೆಳಿಗ್ಗೆ ಅಂಗನವಾಡಿಯ ಹೇಮಲತಾ ಹಾಗೆ ಕಳಿಸಿ, ಸಮಾಧಾನವಾಗದೆ ಖುದ್ದಾಗಿಯೇ ಬಂದು ನಿಂತರು. ಮುಖ ಬೆವತಿತ್ತು.

"ಇವತ್ತೇ ಬ್ಲಾಕ್ ಆಗುತ್ತಂತೆ ಕಣಕ್ಕ. ನಾಳೆ ಸಂಬಳ ಬೀಳೋದಿದೆ."

"ಒತ್ತಿದ್ಯೇನಮ್ಮ?"

"ಇಲ್ಲ."

"ಸದ್ಯ. ಕೂತ್ಕೊ, ತೋರಿಸ್ತೀನಿ."

ಜನ ಇರಲಿಲ್ಲ. ನಾನೂ ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಮೆಸೇಜು ಕನ್ನಡದಲ್ಲೇ ಇತ್ತು. 'ಪ್ರಿಯ ಗ್ರಾಹಕ, ನಿಮ್ಮ ಬ್ಯಾಂಕ್ ಖಾತೆ ಇಂದು ಬ್ಲಾಕ್ ಆಗುತ್ತದೆ. ತಕ್ಷಣ ಕೆವೈಸಿ ಮಾಡಿ. ಕೆಳಗಿನ ಲಿಂಕ್ ಒತ್ತಿ ಅಥವಾ ಬ್ಯಾಂಕ್ ಅಧಿಕಾರಿಗೆ ಕರೆ ಮಾಡಿ.' ಕೆಳಗೆ ನೀಲಿ ಬಣ್ಣದಲ್ಲಿ ಒಂದು ಲಿಂಕು, ಅದರ ಕೆಳಗೆ ಹತ್ತಂಕಿಯ ಒಂದು ನಂಬರು.

ವನಜಾಕ್ಷಿ ತಮ್ಮ ಫೋನನ್ನು ಮೇಜಿನ ಮೇಲಿಟ್ಟು ಒಂದೊಂದೇ ತೋರಿಸಿದರು. "ಮೊದಲು ಮೇಲೆ ನೋಡು, ಯಾರು ಕಳಿಸವ್ರೆ? ಮಾಮೂಲಿ ಮೊಬೈಲ್ ನಂಬರು. ನಿನ್ನ ಸಂಬಳ ಬಿದ್ದಾಗ ಬರೋ ಮೆಸೇಜ್ ತೆಗಿ. ಅಲ್ಲಿ ನಂಬರ್ ಇದ್ಯಾ? ಇಲ್ಲ, ಇಂಗ್ಲಿಷ್ ಅಕ್ಷರ ಇದೆ, ಬ್ಯಾಂಕಿನ ಹೆಸರಿನ ತುಂಡು, ಕೊನೇಲಿ ಎಸ್ಸೋ ಟೀನೋ ಇರುತ್ತೆ. ಎರಡನೇದು, ಪ್ರಿಯ ಗ್ರಾಹಕ ಅಂತೆ. ನಿನ್ನ ಹೆಸರಿಲ್ಲ, ಖಾತೆಯ ಕೊನೇ ನಾಲ್ಕಂಕಿ ಇಲ್ಲ. ಊರಿಗೆಲ್ಲ ಒಂದೇ ಕಳಿಸಿರೋದು ಇದು. ಆಮೇಲೆ ಇಂದು, ತಕ್ಷಣ ಅಂತ ಅವಸರ ಮಾಡ್ತಾನೆ ನೋಡು. ಕೆವೈಸಿ ಅನ್ನೋದು ಇರೋದು ನಿಜ, ಆದ್ರೆ ಬ್ಯಾಂಕಿನವರು ಮುಂಚೇನೇ ಹೇಳ್ತಾರೆ. ಯೋಚನೆ ಮಾಡೋಕೆ ಬಿಡಬಾರದು ಅಂತ ಇವನು ಹಿಂಗೆ ಹೆದರಿಸೋದು."

"ಲಿಂಕಲ್ಲಿ ಬ್ಯಾಂಕಿನ ಹೆಸರೇ ಐತಲ್ಲಕ್ಕ?"

"ಹೆಸರು ಯಾರು ಬೇಕಾದ್ರೂ ಮುಂದೆ ಸೇರಿಸ್ಕೊಬೋದು. ಮೊದಲನೇ ಒಂಟಿ ಅಡ್ಡಗೆರೆಗೆ ಮುಂಚೆ ಕೊನೇಲಿ ಏನಿದೆ ನೋಡಬೇಕು. ಬ್ಯಾಂಕಿಂದಾದ್ರೆ ಈಗ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಮುಗೀಬೇಕು. ಇದು ಇನ್ನೇನೋ ಆಗಿ ಮುಗಿದಿದೆ. ಇನ್ನು ಅಧಿಕಾರಿ ನಂಬರ್ ಅಂತೆ. ಯಾವ ಅಧಿಕಾರಿ ತನ್ನ ಸ್ವಂತ ಮೊಬೈಲ್ ನಂಬರ್ ಊರಿಗೆಲ್ಲ ಹಂಚ್ತಾನೆ? ನಮ್ಮ ಮ್ಯಾನೇಜರ್ ನನಗೇ ಕೊಟ್ಟಿಲ್ಲ."

ಹೇಮಲತಾ ನಕ್ಕುಬಿಟ್ಟರು. ಆ ನಗು ಕೇಳಿ ವನಜಾಕ್ಷಿಗೆ ಹುಮ್ಮಸ್ಸು ಬಂತು. ಇದನ್ನು ಸಂಘದ ಗುಂಪಿಗೆ ಹಾಕಬೇಕು, ಇದೇ ಮೆಸೇಜು ಎಷ್ಟು ಜನಕ್ಕೆ ಬಂದಿದೆಯೋ ಏನೋ ಅಂದರು. ಆ ವಾಟ್ಸಾಪ್ ಗುಂಪಿನಲ್ಲಿ ಕವಲಂದೆ, ಹೆಮ್ಮರಗಾಲ ಸುತ್ತಿನ ನೂರಾ ಎಪ್ಪತ್ತು ಹೆಂಗಸರಿದ್ದಾರೆ. ಉದ್ದಕ್ಕೆ ಬರೆಯಲು ಶುರುಮಾಡಿದರು.

ಆಗ ಬಾಯಿ ಹಾಕಿದವನು ನಾನು. "ಅಷ್ಟುದ್ದ ಬರೆದರೆ ಯಾರು ಓದ್ತಾರೆ ವನಜಾಕ್ಷಮ್ಮ? ಆ ಚಿತ್ರದ ಮೇಲೇ ಗುರುತು ಹಾಕಿ ಕಳಿಸಿ. ಜೊತೆಗೆ ಬಾಯಲ್ಲಿ ಹೇಳಿ ವಾಯ್ಸ್ ಮೆಸೇಜ್ ಹಾಕಿಬಿಡಿ, ಮುಗೀತು." ಇಪ್ಪತ್ತೆರಡು ವರ್ಷ ಪೇಪರಿನ ವ್ಯಾಪಾರ ಮಾಡಿದವನು, ಜನ ಏನು ಓದುತ್ತಾರೆ ಏನು ಓದುವುದಿಲ್ಲ ಅಂತ ನನಗೆ ಗೊತ್ತು ಅನ್ನುವ ಧಿಮಾಕು. ಅವರಿಗೂ ಸರಿ ಅನಿಸಿತು. ಫೋನಿನಲ್ಲಿ ಪೆನ್ನಿನ ಗುರುತು ಒತ್ತಿ, ಬಣ್ಣ ಆರಿಸಿ, ಬೆರಳಲ್ಲಿ ಸುತ್ತು ಹಾಕಿದರು. ಕಳಿಸಿದವನ ನಂಬರಿಗೆ ಒಂದು, 'ಇಂದು ಬ್ಲಾಕ್' ಅನ್ನುವುದಕ್ಕೆ ಒಂದು, ಲಿಂಕಿಗೆ ಒಂದು, ಕೆಳಗಿನ ಫೋನ್ ನಂಬರಿಗೆ ಒಂದು. ನಾಲ್ಕು ಸುತ್ತು. ಬಣ್ಣ ಯಾವುದು ಅಂತ ಹೇಳಬೇಕಾಗಿಲ್ಲ. ಅವರ ಕೈಗೆ ಬೇರೆ ಬಣ್ಣ ಬರುತ್ತಲೇ ಇರಲಿಲ್ಲ, ನನ್ನ ಕಣ್ಣಿಗೂ ಅದು ಹೊಳೆಯಲಿಲ್ಲ.

ಹತ್ತೂಮುಕ್ಕಾಲಿಗೆ ಚಿತ್ರ ಹೋಯಿತು. ವಾಯ್ಸ್ ಮೆಸೇಜಿಗೆ ಫೋನು ಬಾಯಿಯ ಹತ್ತಿರ ಹಿಡಿದಿದ್ದರು, ಅಷ್ಟರಲ್ಲಿ ಕರಿಯಪ್ಪ ಬಂದ. ಕರಿಯಪ್ಪನಿಗೆ ಎಂಬತ್ತರ ಹತ್ತಿರ, ಕಲ್ಲು ಒಡೆದು ಒಡೆದು ಬೆರಳಿನ ಗೆರೆಗಳೇ ಸವೆದಿವೆ. ಪಿಂಚಣಿಗೆ ಹೆಬ್ಬೆಟ್ಟು ಒತ್ತಿದರೆ ಮಿಷನ್ನು ಒಪ್ಪುವುದಿಲ್ಲ. ವನಜಾಕ್ಷಿ ಅವನ ಬೆರಳು ಒರೆಸಿದರು, ಎಣ್ಣೆ ಸವರಿದರು, ಹೆಬ್ಬೆಟ್ಟು ಬಿಟ್ಟು ತೋರುಬೆರಳು ಒತ್ತಿಸಿದರು, ಆ ಕೈ ಬಿಟ್ಟು ಈ ಕೈ ಹಿಡಿದರು. ಏಳನೆಯ ಸಲವೋ ಎಂಟನೆಯ ಸಲವೋ ತೆಗೆದುಕೊಂಡಿತು. ಅವನನ್ನು ಕಳಿಸಿ ವಾಯ್ಸ್ ಮೆಸೇಜು ಹಾಕುವಾಗ ಹನ್ನೊಂದೂಕಾಲು. ಇದು ಮೋಸದ ಮೆಸೇಜು, ನಾನು ಸುತ್ತು ಹಾಕಿರುವುದೆಲ್ಲ ಕಳ್ಳನ ಗುರುತು, ಯಾರೂ ಒತ್ತಬೇಡಿ, ಯಾರೂ ಫೋನು ಮಾಡಬೇಡಿ ಅಂತ ಬಹಳ ಚೆನ್ನಾಗಿ ಹೇಳಿದರು. ಮುಂದೆ ನಾನು ಅದನ್ನು ಎಷ್ಟೋ ಸಲ ಹಾಕಿಕೊಂಡು ಕೇಳಿದ್ದೇನೆ. ಒಂದು ಮಾತೂ ತಪ್ಪಿಲ್ಲ ಅದರಲ್ಲಿ.

ಮಾರನೇ ದಿನ ಮಧ್ಯಾಹ್ನ ಹೆಮ್ಮರಗಾಲದ ಚಿನ್ನಮ್ಮ ಬಂದರು. ಕೈಯಲ್ಲಿ ಒಂದು ಕವರಿನ ತುಂಬ ಸೀಬೆಹಣ್ಣು. ಚಿನ್ನಮ್ಮ ತಾಂಡ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹದಿನಾರು ವರ್ಷ ಪಾತ್ರೆ ತೊಳೆದವರು. ಐವತ್ತೆಂಟಾಯಿತು ಅಂತ ಹಿಂದಿನ ತಿಂಗಳು ಕೆಲಸದಿಂದ ಬಿಡಿಸಿದ್ದರು. ಅವರ ಪಿಎಫ್ ದುಡ್ಡಿಗೆ ಅರ್ಜಿ ತುಂಬಿದ್ದೂ, ಹೆಸರಿನಲ್ಲಿ ಒಂದಕ್ಷರ ಬೇರೆಯಾಗಿದ್ದನ್ನು ಮೂರು ಸಲ ಓಡಾಡಿ ಸರಿಮಾಡಿಸಿದ್ದೂ ವನಜಾಕ್ಷಿಯೇ. ಒಂದು ಲಕ್ಷದ ಎಂಟು ಸಾವಿರ ಬಂದಿತ್ತು. ಚಿನ್ನಮ್ಮನ ಮನೆ ನಾಲ್ಕು ವರ್ಷದಿಂದ ಗೋಡೆ ಎದ್ದು, ಮೇಲೆ ಶೀಟು ಹೊದ್ದುಕೊಂಡು ಕೂತಿತ್ತು. ಆ ದುಡ್ಡಿನಲ್ಲಿ ಮೋಲ್ಡು ಹಾಕಿಸಬೇಕು, ಗುರುವಾರ ಗಾರೆ ಮೇಸ್ತ್ರಿಗೆ ಅಡ್ವಾನ್ಸು ಕೊಡಬೇಕು, ಇಷ್ಟು ವಿಷಯ ನನಗೂ ಗೊತ್ತಿತ್ತು. ಕಬ್ಬಿಣದ ಕೊಟೇಶನ್ನನ್ನು ನಾನೇ ಜೆರಾಕ್ಸ್ ಮಾಡಿಕೊಟ್ಟಿದ್ದೆ.

ಹಣ್ಣಿನ ಕವರನ್ನು ಮೇಜಿನ ಮೇಲಿಟ್ಟು ಚಿನ್ನಮ್ಮ ಹೇಳಿದ್ದು ಇಷ್ಟು: "ನೀನೇಳ್ದಂಗೇ ಮಾಡ್ಬುಟ್ಟೆ ಕಣವ್ವ. ಎಲ್ಲಾ ಸರಿ ಓಯ್ತಂತೆ."

"ಏನು ಮಾಡಿದ್ರಿ ಚಿನ್ನಮ್ಮಕ್ಕ?"

"ಅದೇ, ಅಕೌಂಟು ಬ್ಲಾಕ್ ಆಯ್ತದೆ ಅಂತ ಕಳಿಸಿದ್ಯಲ್ಲ. ಸುತ್ತಾಕಿದ್ಯಲ್ಲ ನಂಬರ್ಗೆ, ಅದ್ಕೆ ಫೋನ್ ಮಾಡ್ದೆ. ಬ್ಯಾಂಕಿನ ಆಪೀಸರ್ರು ಬೋ ಒಳ್ಳೆಯವ್ರು. ಕಾರ್ಡಿನ ನಂಬರ್ ಕೇಳುದ್ರು, ಯೋಳ್ದೆ. ಆಮೇಕೆ ಮೂರ್ ಕಿತ ಮೆಸೇಜ್ ಬಂತು, ಮೂರ್ ಕಿತವೂ ಆ ಆರಂಕಿ ಯೋಳ್ದೆ. ಒಂದ್ ದಿನ ಫೋನ್ ಮುಟ್ಬ್ಯಾಡಿ, ಕಂಪ್ಯೂಟರಲ್ಲಿ ಸರಿ ಓಯ್ತದೆ ಅಂದ್ರು. ಇವತ್ತು ತೆಗ್ದಿವ್ನಿ."

ನಾನು ಪ್ಲೈವುಡ್ಡಿನ ಈಚೆ ಇದ್ದೆ. ಮಿಷನ್ನು ಪೇಪರು ಉಗುಳುತ್ತಲೇ ಇತ್ತು, ಹದಿನೈದು ಪ್ರತಿ ಬೇಕಿದ್ದ ಕಡೆ ನಲವತ್ತಾಯಿತು. ಆಚೆಯಿಂದ ವನಜಾಕ್ಷಿಯ ದನಿ ಬಂತು. "ಫೋನ್ ಕೊಡಿ."

ದುಡ್ಡು ಕಡಿತವಾದ ಮೆಸೇಜುಗಳಿದ್ದವು. ಮೂರು ಸಲ, ಒಂದೊಂದು ಸಲಕ್ಕೆ ಇಪ್ಪತ್ತನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಮೊದಲನೆಯದು ಮಂಗಳವಾರ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ. ಕೊನೆಯದು ಹನ್ನೊಂದೂ ಹನ್ನೆರಡಕ್ಕೆ. ವನಜಾಕ್ಷಿಯ ವಾಯ್ಸ್ ಮೆಸೇಜು ಹೋಗಿದ್ದು ಹನ್ನೊಂದೂಕಾಲಿಗೆ. ಚಿನ್ನಮ್ಮ ಅದನ್ನು ಕೇಳಿರಲಿಲ್ಲ. ಫೋನು ಮುಟ್ಟಬೇಡಿ ಅಂದಿದ್ದರಲ್ಲ, ಮುಟ್ಟಿರಲಿಲ್ಲ.

ವನಜಾಕ್ಷಿ ಅಳಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡಿ ಕಾರ್ಡು ಬ್ಲಾಕ್ ಮಾಡಿಸಿದರು. ಬಾಕಿ ಮೂವತ್ತಮೂರು ಸಾವಿರ ಉಳಿಯಿತು. ಆಮೇಲೆ ಆನ್‌ಲೈನ್ ಮೋಸದ ದೂರು ತೆಗೆದುಕೊಳ್ಳುವ ಸಾವಿರದ ಒಂಬೈನೂರ ಮೂವತ್ತಕ್ಕೆ ಮಾಡಿದರು. ಆ ಕಡೆಯವರು ಖಾತೆ ಸಂಖ್ಯೆ ಕೇಳಿದರು, ಮೂರೂ ವ್ಯವಹಾರದ ಸಂಖ್ಯೆ, ದಿನ, ಹೊತ್ತು ಕೇಳಿದರು, ದೂರಿನ ನಂಬರು ಕೊಟ್ಟರು. ದುಡ್ಡು ಹೋದ ಕೂಡಲೇ ಮಾಡಿದ್ದರೆ ಆ ಕಡೆಯ ಖಾತೆಯಲ್ಲಿ ತಡೆಹಿಡಿಯುವುದು ಸುಲಭ ಇರುತ್ತಿತ್ತು, ಈಗ ಒಂದು ದಿನ ಆಗಿದೆ, ನೋಡೋಣ ಅಂದರಂತೆ. ವನಜಾಕ್ಷಿ ಫೋನು ಇಟ್ಟ ಮೇಲೆ ಚಿನ್ನಮ್ಮ ಮೆಲ್ಲಗೆ ಕೇಳಿದರು.

"ದುಡ್ಡು ಓಗೈತಾ?"

"ಹೂಂ ಚಿನ್ನಮ್ಮಕ್ಕ."

"ಬ್ಯಾಂಕಿನವ್ರು ತಾನೆ ತಕ್ಕೊಂಡಿರದು?"

ವನಜಾಕ್ಷಿ ಅವರನ್ನು ಕೂರಿಸಿ, ಮಂಗಳವಾರ ಹೇಮಲತಾಗೆ ಹೇಳಿದ್ದನ್ನೇ ಮತ್ತೆ ಹೇಳಿದರು. ಮೇಲಿನ ನಂಬರು, ಪ್ರಿಯ ಗ್ರಾಹಕ, ಇಂದು, ಲಿಂಕಿನ ಕೊನೆ. ಅದೇ ಮಾತು, ಆದರೆ ದನಿ ಬೇರೆ. ಚಿನ್ನಮ್ಮ ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ ಹೇಳಿದರು, "ಅದೆಲ್ಲ ಸರಿ ಕಣವ್ವ. ನಾನು ಆ ಮೆಸೇಜ್ ನೋಡ್ನೇ ಇಲ್ಲ. ನೀನು ಕಳಿಸಿರದು ಅಂತ ನೋಡ್ದೆ. ಬ್ಯಾರೆಯವ್ರು ಕಳಿಸಿದ್ರೆ ನಿನ್ಗೇ ತೋರ್ಸ್ತಿದ್ದೆ."

ಆ ಕ್ಷಣದಲ್ಲಿ ನನಗೆ ಯಾರ ಮೇಲಾದರೂ ರೇಗಬೇಕು ಅನಿಸಿತು. ಕರಿಯಪ್ಪನ ಮೇಲೆ ರೇಗಿದೆ, ಮನಸ್ಸಿನಲ್ಲೇ. ಎಂಬತ್ತು ವರ್ಷದ ಮುದುಕ ತನ್ನ ಪಿಂಚಣಿ ಕೇಳಲು ಬಂದಿದ್ದೇ ತಪ್ಪೆಂಬಂತೆ. ಆಮೇಲೆ ನಾಚಿಕೆಯಾಯಿತು. ಚಿತ್ರದ ಮೇಲೆ ಗುರುತು ಹಾಕಿ ಅಂದವನು ನಾನು.

ಅದೇ ದಿನ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಗದರಲಿಲ್ಲ, ಆತನೂ ಸಂಕಟಪಟ್ಟುಕೊಂಡೇ ಹೇಳಿದರು. ಗ್ರಾಹಕರು ತಾವಾಗಿ ಓಟಿಪಿ ಹೇಳಿದ್ದರೆ, ದೂರು ಕೊಡುವ ತನಕ ಹೋದದ್ದು ಅವರದೇ ಹೊಣೆ, ದೂರಿನ ನಂತರ ಹೋದರೆ ಮಾತ್ರ ಬ್ಯಾಂಕಿನದು. ವನಜಾಕ್ಷಿಗೆ ಈ ನಿಯಮ ಗೊತ್ತಿತ್ತು. ಗೊತ್ತಿದ್ದೂ ಬೇರೆ ಏನಾದರೂ ಹೇಳಬಹುದೇನೋ ಅಂತ ಅವರ ಮುಖವನ್ನೇ ನೋಡುತ್ತ ನಿಂತಿದ್ದರು.

ಗುರುವಾರ ಮೈಸೂರಿನ ಸೈಬರ್ ಪೊಲೀಸ್ ಠಾಣೆಗೆ ಮೂವರೂ ಹೋದೆವು. ಆಧಾರ್, ಪಾಸ್‌ಬುಕ್, ಮೆಸೇಜಿನ ಪ್ರಿಂಟುಗಳನ್ನೆಲ್ಲ ಮೂರು ಮೂರು ಪ್ರತಿ ಮಾಡಿ ನಾನು ಫೈಲಿನಲ್ಲಿ ಹಿಡಿದಿದ್ದೆ. ನನ್ನ ಕೈಲಾಗುವ ಉಪಕಾರ ಅಷ್ಟೇ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು, ಪವಿತ್ರ ಅಂತ ಎದೆ ಮೇಲೆ ಹೆಸರಿತ್ತು, ತಾಳ್ಮೆಯಿಂದ ಒಂದೊಂದೇ ಕೇಳಿ ಬರೆದುಕೊಂಡರು.

"ಈ ನಂಬರು ನಿಮಗೆ ಎಲ್ಲಿ ಸಿಕ್ತು ಅಮ್ಮ?"

ಚಿನ್ನಮ್ಮ ತಡಮಾಡದೆ ಹೇಳಿದರು. "ನನ್ ಫೋನ್ಗೇ ಬಂತು ಕಣವ್ವ. ತಾನಾಗ್ ತಾನೇ ಬಂತು."

ಬೆಂಚಿನ ಕೆಳಗೆ ಅವರ ಕಾಲು ವನಜಾಕ್ಷಿಯ ಕಾಲನ್ನು ಒತ್ತಿದ್ದು ನನಗೆ ಕಾಣಿಸಿತು. ದಾರಿಯಲ್ಲಿ ಬಸ್ಸಿನಲ್ಲೇ ಯೋಚಿಸಿಟ್ಟುಕೊಂಡು ಬಂದಿದ್ದರು ಅನಿಸುತ್ತದೆ. ಎಪ್ಪತ್ತೈದು ಸಾವಿರ ಕಳೆದುಕೊಂಡ ಹೆಂಗಸು, ಅದು ಹೋಗಲು ಕಾರಣವಾದವರನ್ನು ಉಳಿಸಲು ಪೊಲೀಸರೆದುರು ಸುಳ್ಳು ಹೇಳುತ್ತಿದ್ದರು. ನಾನು ಸುಮ್ಮನಿರಿ ಅನ್ನುವಂತೆ ವನಜಾಕ್ಷಿಯ ಕಡೆ ನೋಡಿದೆ. ಬರೆಯುವವರೂ ಕತ್ತೆತ್ತಿರಲಿಲ್ಲ. ಅದೊಂದು ಸಾಲು ಹಾಗೇ ಹೋಗಿಬಿಡುತ್ತಿತ್ತು.

"ಇಲ್ಲ ಮೇಡಂ," ಅಂದರು ವನಜಾಕ್ಷಿ. "ಅವರಿಗೆ ಆ ಮೆಸೇಜ್ ಬಂದೇ ಇಲ್ಲ. ನಾನು ಕಳಿಸಿದ್ದು. ಎಚ್ಚರಿಕೆ ಹೇಳೋಕೆ ಅಂತ ಚಿತ್ರ ಹಾಕಿದ್ದೆ, ಅದರಲ್ಲಿದ್ದ ನಂಬರಿಗೆ ಅವರು ಮಾಡಿದ್ದಾರೆ. ನನ್ನ ನಂಬರ್ ಬರ್ಕೊಳ್ಳಿ."

ಪವಿತ್ರ ಕೈ ನಿಲ್ಲಿಸಿ ವನಜಾಕ್ಷಿಯನ್ನು ನೋಡಿದರು. "ನೀವೇನು ಕೆಲಸ ಮಾಡೋದು?"

"ಬ್ಯಾಂಕ್ ಮಿತ್ರ. ಬ್ಯಾಂಕಿನ ಪರವಾಗಿ ಗ್ರಾಹಕ ಸೇವಾ ಕೇಂದ್ರ ನಡೆಸ್ತೀನಿ."

"ಯಾಕವ್ವ ಯೋಳ್ದೆ?" ಅಂತ ಚಿನ್ನಮ್ಮ ಆಚೆ ಬಂದ ಮೇಲೆ ನಿಜವಾಗಿಯೂ ಸಿಟ್ಟು ಮಾಡಿಕೊಂಡರು. ದುಡ್ಡು ಹೋದಾಗ ಬಾರದ ಸಿಟ್ಟು ಆಗ ಬಂತು. ವನಜಾಕ್ಷಿ, "ನಂಬರ್ ಎಲ್ಲಿಂದ ಬಂತು ಅಂತ ಸರಿಯಾಗಿ ಗೊತ್ತಾಗದಿದ್ರೆ ಅವರು ಹುಡುಕೋದು ಹೆಂಗೆ ಚಿನ್ನಮ್ಮಕ್ಕ?" ಅಂದರು. ಅದು ಒಂದು ಕಾರಣ ಇರಬಹುದು. ಸುಳ್ಳಿನ ಮರೆಯಲ್ಲಿ ಕೂತು ನಾಳೆ ಇನ್ನೊಬ್ಬರಿಗೆ ಹೇಗೆ ಫಾರಂ ತುಂಬಲಿ ಅನ್ನುವುದು ಇನ್ನೊಂದು. ಎರಡನೆಯದನ್ನು ಅವರು ಹೇಳಲಿಲ್ಲ, ನಾನು ಊಹಿಸುತ್ತಿದ್ದೇನೆ.

ವಾರ ಕಳೆಯುವುದರಲ್ಲಿ ಬ್ಯಾಂಕಿನ ಪರವಾಗಿ ಈ ಕೇಂದ್ರಗಳನ್ನು ನಡೆಸುವ ಕಂಪನಿಯವರಿಂದ ಕಾಗದ ಬಂತು. ವಿಚಾರಣೆ ಮುಗಿಯುವ ತನಕ ನಿಮ್ಮ ಐಡಿ ನಿಲ್ಲಿಸಲಾಗಿದೆ. ಐಡಿ ಇಲ್ಲ ಅಂದರೆ ಲ್ಯಾಪ್‌ಟಾಪು ತೆರೆಯುವುದಿಲ್ಲ, ಮಿಷನ್ನು ಬೆರಳು ನೋಡುವುದಿಲ್ಲ. ವನಜಾಕ್ಷಿ ಶಟರ್ ಎಳೆದರು. ಮಹದೇವ ಬಂದು ಮೇಜನ್ನೂ ಕುರ್ಚಿಯನ್ನೂ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದ. ತಾವು ಉಳಿಸಿದ್ದ ಹದಿನೆಂಟು ಸಾವಿರವನ್ನು ವನಜಾಕ್ಷಿ ಹೆಮ್ಮರಗಾಲಕ್ಕೆ ಒಯ್ದು ಕೊಡಹೋಗಿದ್ದರಂತೆ. ಚಿನ್ನಮ್ಮ ಬಾಗಿಲಿಗೆ ಅಡ್ಡ ನಿಂತು, ಅದನ್ನ ಒಳಗೆ ತಂದ್ರೆ ನಾನು ನಿನ್ನ ಮಾತಾಡ್ಸಲ್ಲ ಅಂದು ಊಟ ಹಾಕಿ ಕಳಿಸಿದರಂತೆ.

ವಾಟ್ಸಾಪ್ ಗುಂಪಿನಿಂದ ಒಬ್ಬೊಬ್ಬರೇ ಹೊರಗೆ ಹೋದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. 'ಬ್ಯಾಂಕಕ್ಕ ಕಳಿಸಿದ್ದನ್ನ ಮುಟ್ಟಬ್ಯಾಡಿ' ಅಂತ ಮನೆಮನೆಯಲ್ಲಿ ಮಾತಾಯಿತು, ಅಷ್ಟೇ. ಹೇಮಲತಾ ಅಲ್ಲಿ ಇಲ್ಲಿ ನಿಂತು, 'ಅಕ್ಕ ಹೇಳದಿದ್ರೆ ನನ್ನ ಸಂಬಳ ಹೋಗ್ತಿತ್ತು' ಅಂತ ವಾದ ಮಾಡಿದರು. ಹೋಗದೆ ಉಳಿದ ದುಡ್ಡಿನ ಕಥೆಯನ್ನು ಯಾರು ಕೇಳುತ್ತಾರೆ?

ಎರಡು ತಿಂಗಳಾಯಿತು. ಮೊನ್ನೆ ಸೋಮವಾರ ಬೆಳಿಗ್ಗೆ ಚಿನ್ನಮ್ಮ ಬಂದು ನನ್ನ ಅಂಗಡಿಯ ಮುಂದೆ ನಿಂತರು. ಮೊದಲು ಪಕ್ಕದ ಶಟರನ್ನು ನೋಡಿದರು, ಆಮೇಲೆ ನನ್ನನ್ನು.

"ಸಾ, ಇದೊಂದ್ ಬಂದದೆ. ನೋಡಿ."

ಫೋನು ಈಸಿಕೊಂಡೆ. ಇಂಗ್ಲಿಷಿನಲ್ಲಿ ಒಂದು ಮೆಸೇಜು. ನಿಮ್ಮ ದೂರಿಗೆ ಸಂಬಂಧಿಸಿ ಆರು ಸಾವಿರದ ಇನ್ನೂರು ರೂಪಾಯಿ ತಡೆಹಿಡಿಯಲಾಗಿದೆ, ಅದನ್ನು ಮರಳಿ ಪಡೆಯಲು ವಿವರ ಇಲ್ಲಿದೆ, ಅಂತ ಒಂದು ಲಿಂಕು. ಕಳಿಸಿದವರ ಜಾಗದಲ್ಲಿ ಮೊಬೈಲ್ ನಂಬರಿಲ್ಲ, ಅಕ್ಷರ ಇತ್ತು. ಫೈಲು ತೆಗೆದು ದೂರಿನ ನಂಬರು ತಾಳೆ ನೋಡಿದೆ, ಸರಿಯಾಗಿತ್ತು. ಅವಸರ ಇರಲಿಲ್ಲ, ಹೆದರಿಸುವುದಿರಲಿಲ್ಲ. ಲಿಂಕು ಮಾತ್ರ ಚಿಕ್ಕದು, ಎಲ್ಲಿಗೆ ಹೋಗುತ್ತದೆ ಅಂತ ಅದರ ಮುಖದಲ್ಲಿ ಬರೆದಿರಲಿಲ್ಲ.

ಸ್ಕ್ರೀನ್‌ಶಾಟು ತೆಗೆದು ವನಜಾಕ್ಷಿಗೆ ಕಳಿಸೋಣ ಅಂತ ಫೋನು ಮಾಡಿದೆ. "ಚಿತ್ರ ಕಳಿಸಬೇಡಿ ಗುರುಪ್ರಸಾದ್," ಅಂದರು ಗಟ್ಟಿಯಾಗಿ. "ಓದಿ ಹೇಳಿ."

ಅಕ್ಷರ ಅಕ್ಷರ ಓದಿದೆ. ಚುಕ್ಕಿ, ಅಡ್ಡಗೆರೆ ಸಮೇತ ಓದಿದೆ. ಅವರು ಮಧ್ಯೆ ಮಧ್ಯೆ ಕೇಳಿದರು. ಕೊನೆಯ ಅಕ್ಷರ ಏನು? ಹೆಸರು ಇದೆಯಾ? ಖಾತೆ ನಂಬರು ಕೇಳಿದ್ದಾರಾ? ಲಿಂಕಿನ ಕೊನೆ ಇನ್ನೊಂದು ಸಲ ಓದಿ. ನಾನು ಇನ್ನೊಂದು ಸಲ ಓದಿದೆ. ಚಿನ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ನನಗೆ ಗೊತ್ತಿಲ್ಲ," ಅಂದರು ವನಜಾಕ್ಷಿ. "ನಿಜ ಇರಬೋದು. ದೂರು ಕೊಟ್ಟವರ ಪಟ್ಟಿ ಹಿಡ್ಕೊಂಡೇ ಮೋಸ ಮಾಡೋರೂ ಇದ್ದಾರಂತೆ. ನನಗೆ ಗೊತ್ತಾಗ್ತಿಲ್ಲ. ಒತ್ತಬೇಡಿ. ಠಾಣೆಗೇ ಹೋಗಿ ಕೇಳೋಕೆ ಹೇಳಿ."

ಫೋನು ಇಟ್ಟುಬಿಟ್ಟರು.

"ಏನಂದ್ಳು ಸಾ?"

"ಗೊತ್ತಿಲ್ಲ ಅಂದ್ರು. ಮೈಸೂರಿಗೇ ಹೋಗಿ ಕೇಳಬೇಕಂತೆ."

ಚಿನ್ನಮ್ಮನಿಗೆ ಅರ್ಥವಾಗಲಿಲ್ಲ. ಎಪ್ಪತ್ತೈದು ಸಾವಿರ ಹೋಯಿತು ಅಂದಾಗ ಕೂಡ ಆ ಮುಖ ಅಷ್ಟು ಇಳಿದಿರಲಿಲ್ಲ.

"ವನಜವ್ವಂಗೇ ಗೊತ್ತಿಲ್ವಾ?" ಅಂದರು. ಫೋನು ವಾಪಸು ಈಸಿಕೊಂಡು, ಮುಟ್ಟಬಾರದ್ದನ್ನು ಮುಟ್ಟಿಬಿಟ್ಟೇನೋ ಅನ್ನುವ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು, ಮೈಸೂರಿನ ಬಸ್ಸಿಗೆ ಕಾಯಲು ಹೋದರು.